ಕಾಯ್ದೆ ಬಂತು, ಖರ್ಚು ನಿಂತಿಲ್ಲ

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದೆ, ಉಳಿದ ಆಟಗಳಲ್ಲಿ ಮಕ್ಕಳು ಕಳೆಯುವುದು ಚಿಲ್ಲರೆ ಕಾಸು, ಹೆತ್ತವರು ಗಾಬರಿಯಾಗಬೇಕಿಲ್ಲ ಎಂಬುದು ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ವಾದ. ಮೊದಲ ಮಾತು ನಿಜ. ಆದರೆ ಕಾಯ್ದೆಯ ಗುರಿ ಹಣ ಕಟ್ಟಿ ಹಣ ಗೆಲ್ಲುವ ಆಟ. ಉಳಿದ ಆಟಗಳಲ್ಲಿ ಹಣ ಕೊಟ್ಟು ಒಡೆಯುವ ಲೂಟ್ ಬಾಕ್ಸ್‌ನಲ್ಲಿ ಸಿಗುವುದು ಹಣವಲ್ಲ, ಬಂದೂಕಿನ ಬಣ್ಣವೋ ಅಂಗಿಯೋ. ಬೆಲ್ಜಿಯಂ 2018ರಲ್ಲೇ ಇದನ್ನೂ ಜೂಜೆಂದಿತು.

ಚಿಲ್ಲರೆಯೇ? ಬಾಕ್ಸಿಗೆ ₹40, ಬೇಕಾದ ವಸ್ತು ಸಿಗುವ ಸಾಧ್ಯತೆ 1% ಎಂದಿಟ್ಟುಕೊಳ್ಳಿ. ನೂರು ಬಾಕ್ಸ್ ಒಡೆದರೆ ₹4,000 ಹೋಗುತ್ತದೆ. ಆದರೂ ಬರಿಗೈಯಲ್ಲಿ ಉಳಿಯುವ ಸಾಧ್ಯತೆ ಸುಮಾರು 37%. ಹಿಂದಿನ ಸೋಲು ಮುಂದಿನ ಬಾಕ್ಸಿನ ಅದೃಷ್ಟವನ್ನು ಹೆಚ್ಚಿಸುವುದಿಲ್ಲ; ಕೆಲವು ಆಟಗಳು ಇಂತಿಷ್ಟು ಬಾಕ್ಸಿನ ನಂತರ ಖಾತರಿ ಕೊಡುತ್ತವೆ, ಅಷ್ಟೇ. ಬೆಲೆ ಆಟದ ನಾಣ್ಯದಲ್ಲಿರುವುದರಿಂದ ಮಗುವಿಗೆ ರೂಪಾಯಿ ಕಾಣುವುದೂ ಇಲ್ಲ.

ಲೇಖಕರು ನಮ್ಮ ಶಕ್ತಿನಗರದ ಯಾವ ಮನೆಯಲ್ಲಾದರೂ ಲೆಕ್ಕ ನೋಡಲಿ. ಪ್ಲೇ ಸ್ಟೋರ್‌ನ Payments & subscriptions ಒಳಗಿನ Budget & history ತೆರೆದಿರುವ ಖಾತೆಯ ಖರೀದಿಗಳನ್ನು ತೋರಿಸುತ್ತದೆ. ಮನೆಯ ಪ್ರತಿ ಗೂಗಲ್ ಖಾತೆಯಲ್ಲೂ ನೋಡಬೇಕು. ಬೇರೆ ತಾಣದಲ್ಲಿ ಯುಪಿಐ ಮೂಲಕ ಹಾಕಿಸಿದ ಟಾಪ್‌ಅಪ್ ಅಲ್ಲಿರುವುದಿಲ್ಲ, ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೇ ಬೇಕು. ಎರಡೂ ಕಡೆ ಬಂದ ಮೊತ್ತವನ್ನು ಒಮ್ಮೆ ಮಾತ್ರ ಎಣಿಸಿ, ತಿಂಗಳಿಗೊಂದು ಮೊತ್ತ ಬರೆದಿಡಿ. ಅದು ಚಿಲ್ಲರೆಯೋ ಅಲ್ಲವೋ ಎಂಬ ಚರ್ಚೆ ಆಮೇಲೆ ಮಾಡೋಣ.

— ಓದುಗ, ಶಕ್ತಿನಗರ, ಮಂಗಳೂರು