ರಾಜ್ಯೋತ್ಸವದ ಮೂರು ನಿಮಿಷ

ನವೆಂಬರ್ ಹತ್ತಿರ ಬಂತು ಅಂದ್ರೆ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಳದಿ-ಕೆಂಪು ಶುರು. ಯಾರು ಹಾಡ್ತಾರೆ, ಹೋಳಿಗೆ ಎಲ್ಲಿಂದ ತರಿಸೋದು ಎಲ್ಲ ತೀರ್ಮಾನ ಆದ ಮೇಲೆ, ಯಾರಿಗೂ ಬೇಡವಾಗಿ ಉಳಿಯೋದು ‘ಪ್ರಾಸ್ತಾವಿಕ ನುಡಿ’. ಈ ಸಲ ಅದು ನನ್ನ ಪಾಲಿಗೆ ಬಂದಿದೆ. ಕೊಟ್ಟಿರೋದು ಮೂರೇ ನಿಮಿಷ.

ಇಂಥ ಮಾತು ಸಾಮಾನ್ಯವಾಗಿ ಕದಂಬರಿಂದ ಶುರುವಾಗುತ್ತೆ. ಹೊಯ್ಸಳರ ಹತ್ತಿರ ಬರೋ ಹೊತ್ತಿಗೆ ಅರ್ಧ ಜನ ಫೋನ್ ತೆಗೆದಿರ್ತಾರೆ. ನಾನು ಎದುರಿಗೆ ಕೂತವರ ಊರುಗಳಿಂದ ಶುರು ಮಾಡ್ತೀನಿ: 1956ರ ಅಕ್ಟೋಬರ್ 31ರಂದು ನಿಮ್ಮೂರು ಯಾವ ರಾಜ್ಯದಲ್ಲಿತ್ತು?

ನಮ್ಮ ಟೀಮಿನ ಧಾರವಾಡದ ಹುಡುಗನ ಊರು ಆಗ ಮುಂಬಯಿ ರಾಜ್ಯದಲ್ಲಿತ್ತು. ಕಲಬುರಗಿಯವಳದ್ದು ಹೈದರಾಬಾದ್ ರಾಜ್ಯ, ಮಂಗಳೂರಿನವರದ್ದು ಮದ್ರಾಸ್. ಮಡಿಕೇರಿಯವರದ್ದು ಇನ್ನೂ ಮಜಾ, ಕೊಡಗೇ ಒಂದು ಪ್ರತ್ಯೇಕ ರಾಜ್ಯ. ಬೆಂಗಳೂರು, ತುಮಕೂರು, ಶಿವಮೊಗ್ಗದವರು ಮಾತ್ರ ಮೈಸೂರು ರಾಜ್ಯದವರು. ಮಾರನೇ ದಿನ, ನವೆಂಬರ್ 1ಕ್ಕೆ, ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂದು ಇವರೆಲ್ಲ ಒಂದೇ ರಾಜ್ಯದವರಾದರು. ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ನಾವು ಪ್ರತಿವರ್ಷ ಆಚರಿಸೋದು ಈ ಒಂದುಗೂಡಿದ ದಿನವನ್ನು. ಕನ್ನಡ ಅದಕ್ಕಿಂತ ಎಷ್ಟೋ ಹಳೆಯದು.

ಇಲ್ಲೇ ಬಹಳ ಭಾಷಣಗಳು ಎಡವೋದು. ‘1956ರಲ್ಲಿ ಕರ್ನಾಟಕ ಹುಟ್ಟಿತು’ ಅಂದುಬಿಡ್ತಾರೆ. ಒಂದಾದ ರಾಜ್ಯದ ಹೆಸರು ಆಗಲೂ ಮೈಸೂರೇ. ಧಾರವಾಡ, ಕಲಬುರಗಿ ಕಡೆಯವರಿಗೆ ಇದು ಇನ್ನೊಬ್ಬರ ಮನೆಗೆ ಬಂದು ಸೇರಿದ ಹಾಗೆ ಅನ್ನಿಸಿದ್ದು ಸಹಜವೇ. ಹಳೇ ಮೈಸೂರಿನ ಕೆಲವರಿಗೆ ಆ ಹೆಸರು ಬಿಡೋಕೆ ಮನಸ್ಸಿರಲಿಲ್ಲ. ಕೊನೆಗೆ 17 ವರ್ಷ ಕಳೆದು, 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ‘ಕರ್ನಾಟಕ’ ಅನ್ನೋ ಹೆಸರು ಬಂತು. 2023ರಲ್ಲಿ ‘ಐವತ್ತು ವರ್ಷ’ ಅಂತ ಸಂಭ್ರಮಿಸಿದ್ದು ಈ ಹೆಸರಿನದ್ದು, ರಾಜ್ಯದ್ದಲ್ಲ. ಬೇರೇನು ಮರೆತರೂ ಈ ಎರಡು ಇಸವಿ ಬೇರೆ ಬೇರೆ ಅಂತ ಹೇಳದೆ ನಾನು ಮೈಕ್ ಬಿಡೋದಿಲ್ಲ.

ಹಿಂದಿನ ಸಾಲಲ್ಲಿ ಕೂರೋ ಮಲಯಾಳಿ, ತೆಲುಗು ಗೆಳೆಯರಿಗೂ ಒಂದು ಮಾತಿದೆ. ಕೇರಳ ಹುಟ್ಟಿದ್ದೂ ಅದೇ ದಿನ. ಹೈದರಾಬಾದ್ ರಾಜ್ಯದ ತೆಲುಗು ಭಾಗ ಆಂಧ್ರಕ್ಕೆ ಸೇರಿ ಆಂಧ್ರಪ್ರದೇಶ ಆಗಿದ್ದೂ ಅದೇ ದಿನ. ಒಂದೇ ಕಾಯ್ದೆ, ಒಂದೇ ತಾರೀಕು.

ಆದರೆ ಅವತ್ತು ಎಲ್ಲ ಕನ್ನಡದ ಊರುಗಳೂ ಈ ಕಡೆ ಬರಲಿಲ್ಲ. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಂದ ಬಂದ ಸಹೋದ್ಯೋಗಿಯೊಬ್ಬರ ಮನೆಮಾತು ಕನ್ನಡ. ಇದನ್ನ ಹೇಳಲಾ ಬೇಡವಾ ಅಂತ ಅವರನ್ನೇ ಕೇಳಿದೆ.

‘ಹೇಳಿ. ಆದ್ರೆ ಅಯ್ಯೋ ಪಾಪ ಅನ್ನೋ ದನಿಯಲ್ಲಿ ಬೇಡ’ ಅಂದರು.