ಫೇಸ್ ಹೋದ್ರೆ ಮೊದಲು ಮೋಟರ್ ಆಫ್ ಮಾಡಿ

ಕಳೆದ ರಜೆಯಲ್ಲಿ ತಿಪಟೂರಿನ ಹತ್ತಿರ ನಮ್ಮ ತೋಟದ ಮನೆಗೆ ಹೋಗಿದ್ದೆ. ಸಂಜೆ ಬೋರ್‌ವೆಲ್ ಮೋಟರ್ ಓಡ್ತಾ ಇತ್ತು. ಇದ್ದಕ್ಕಿದ್ದಂತೆ ಹಾಲ್‌ನ ಫ್ಯಾನ್ ನಿಧಾನವಾಯ್ತು. ಅಡುಗೆಮನೆ, ರೂಮಿನಲ್ಲಿ ಎಲ್ಲ ಸರಿಯಾಗೇ ಇತ್ತು. "ವೋಲ್ಟೇಜ್ ಕಮ್ಮಿ ಆಗಿರ್ಬೇಕು ಬಿಡೋ" ಅಂದ್ರು ಅಪ್ಪ.

ಮೀಟರ್ ಹಿಡಿದು ನೋಡಿದೆ. ವೈ ಮತ್ತು ಬಿ ಫೇಸ್‌ಗಳಲ್ಲಿ ನ್ಯೂಟ್ರಲ್‌ಗೆ 230 ವೋಲ್ಟ್ ಇತ್ತು, ಹಾಲ್‌ನ ಆರ್ ಫೇಸ್‌ನಲ್ಲಿ 190. ಮೋಟರ್ ಆಫ್ ಮಾಡಿದ ಕೂಡಲೇ ಆರ್ ಸೊನ್ನೆಗೆ ಇಳಿದು ಹಾಲ್ ಕತ್ತಲಾಯ್ತು. ಮೀಟರ್ ಬೋರ್ಡಿನಲ್ಲಿ ಆರ್ ಫ್ಯೂಸ್ ಸುಟ್ಟುಹೋಗಿತ್ತು. ಅಲ್ಲಿಯವರೆಗೆ ಹಾಲ್‌ಗೆ ಕರೆಂಟ್ ಕೊಡ್ತಿದ್ದದ್ದು ಕಂಬವಲ್ಲ, ನಮ್ಮದೇ ಮೋಟರ್!

ಇದರಲ್ಲಿ ಮಾಯೆ ಏನಿಲ್ಲ. ಓಡ್ತಿರೋ ತ್ರೀ ಫೇಸ್ ಮೋಟರ್ ಎರಡೇ ಫೇಸ್‌ನಲ್ಲೂ ತಿರುಗ್ತಾ ಇರುತ್ತೆ. ತಿರುಗೋ ರೋಟರ್ ಮೂರನೇ ವೈಂಡಿಂಗ್‌ನಲ್ಲಿ ವೋಲ್ಟೇಜ್ ಹುಟ್ಟಿಸುತ್ತೆ, ಅದು ಹಿಂದಕ್ಕೆ ಬಂದು ಆರ್ ಫೇಸಿನ ಬಲ್ಬ್, ಫ್ಯಾನ್‌ಗಳಿಗೆ ಸಿಗುತ್ತೆ. ಸ್ಟಾರ್ಟರ್ ಕಾಯಿಲ್ ಇದ್ದದ್ದು ವೈ–ಬಿ ನಡುವೆ, ಹಾಗಾಗಿ ಅದೂ ಬಿಡಲಿಲ್ಲ. ಬೆಲೆ ತೆತ್ತದ್ದು ಮೋಟರ್: ಅದೇ ಲೋಡ್ ಎಳೆಯಲು ಉಳಿದೆರಡು ವೈರ್‌ಗಳಲ್ಲಿ ಕರೆಂಟ್ ಸುಮಾರು 1.7 ಪಟ್ಟು ಏರುತ್ತೆ. ಓವರ್‌ಲೋಡ್ ರಿಲೇಯನ್ನು "ಸುಮ್‌ಸುಮ್ನೆ ಟ್ರಿಪ್ ಆಗುತ್ತೆ" ಅಂತ ಯಾರಾದ್ರೂ ಮೇಲಕ್ಕೆ ತಿರುಗಿಸಿಟ್ಟಿದ್ರೆ ವೈಂಡಿಂಗ್ ಸುಡೋದು ಖಚಿತ.

ನಿಂತಿರೋ ಮೋಟರನ್ನು ಆನ್ ಮಾಡಿದ್ರೆ ಕಥೆ ಬೇರೆ. ಎರಡು ಫೇಸ್‌ನಿಂದ ತಿರುಗೋ ಕ್ಷೇತ್ರ ಹುಟ್ಟಲ್ಲ, ಮೋಟರ್ ಗುಂಯ್ ಅನ್ನುತ್ತಾ ನಿಂತಲ್ಲೇ ಕಾಯುತ್ತೆ. ಆಗ ಆರ್ ಫೇಸ್‌ಗೆ ಸಿಗೋದು ಅರ್ಧ, ಅಂದಾಜು 115 ವೋಲ್ಟ್. ಎಲ್‌ಇಡಿ ಬಲ್ಬ್ ಎಷ್ಟೋ ಸಲ ಅಷ್ಟರಲ್ಲೇ ಚೆನ್ನಾಗಿ ಉರಿದು ನಮ್ಮನ್ನು ಮೋಸ ಮಾಡುತ್ತೆ. ಗೀಸರ್‌ಗೆ ಕಾಲು ಭಾಗ ಪವರ್ ಮಾತ್ರ, ನೀರು ತಡವಾಗಿ ಕಾಯುತ್ತೆ ಅಷ್ಟೇ. ಫ್ರಿಜ್ಜಿಗೆ ಮಾತ್ರ ಇದು ಕೆಟ್ಟದ್ದು. ಕಂಪ್ರೆಸರ್ ಎದ್ದೇಳಲಾಗದೆ ಬಿಸಿಯಾಗಿ ಮತ್ತೆ ಮತ್ತೆ ಕಟ್ ಆಗುತ್ತೆ. ಅದಕ್ಕೆ ಪೂರ್ತಿ ಕರೆಂಟ್ ಹೋಗೋದೇ ಮೇಲು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಫೇಸ್ ಹೋಯ್ತು ಅನ್ನಿಸಿದ ತಕ್ಷಣ ಚೇಂಜ್‌ಓವರ್ ತಿರುಗಿಸೋಕೆ ಓಡಬೇಡಿ. ಮೊದಲು ಮೋಟರ್ ಆಫ್ ಮಾಡಿ, ಆಮೇಲೆ ಮೀಟರ್‌ನಿಂದ ಮೂರೂ ಫೇಸ್ ನ್ಯೂಟ್ರಲ್‌ಗೆ ಅಳೆಯಿರಿ. ಟೆಸ್ಟರ್ ನಂಬಬೇಡಿ, 115 ವೋಲ್ಟ್‌ಗೂ ಅದು ಹೊಳೆಯುತ್ತೆ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ ತರೋದಾದ್ರೆ ಕರೆಂಟ್ ನೋಡೋದನ್ನೇ ತನ್ನಿ. ವೋಲ್ಟೇಜ್ ಮಾತ್ರ ನೋಡೋದಕ್ಕೆ ಈ 190 "ಸರಿ ಇದೆ" ಅನ್ನಿಸಿಬಿಡಬಹುದು.

ಅವತ್ತು ಅಪ್ಪ "ಫ್ಯೂಸ್ ತೆಗೆದಿದೀನಲ್ಲ, ಸತ್ತಿದೆ" ಅಂತ ಮೋಟರ್ ಓಡ್ತಿರುವಾಗಲೇ ಆರ್ ವೈರ್ ಮುಟ್ಟಿದ್ದರೆ? ನೆನೆಸ್ಕೊಂಡ್ರೆ ಈಗಲೂ ಕೈ ನಡುಗುತ್ತೆ.