ಥಂಬ್ಸ್‌ಅಪ್ ಟೊಳ್ಳು, ಟಿಕೆಟ್ ಗಟ್ಟಿ

ಈ ವಾರದ ಅಂಕಣ ಸ್ವಲ್ಪ ಸ್ವಾರ್ಥದ್ದು, ಮೊದಲೇ ಹೇಳಿಬಿಡ್ತೀನಿ. ಈ ಶನಿವಾರ ಮತ್ತು ಭಾನುವಾರ ಸಂಜೆ ನಮ್ಮ ಹವ್ಯಾಸಿ ತಂಡ ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕ ಆಡ್ತಿದೆ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ, ಎರಡೂ ದಿನ ಸಂಜೆ 7 ಗಂಟೆಗೆ. ಟಿಕೆಟ್ 200 ರೂಪಾಯಿ, ವಿದ್ಯಾರ್ಥಿಗಳಿಗೆ 100. ತಂಡದಲ್ಲಿ ನನ್ನ ಪಾಲಿಗೆ ಬಂದಿರೋದು ಎರಡು ಕೆಲಸ: ಬೆಳಕು ಮತ್ತು ಟಿಕೆಟ್. ಹಗಲೆಲ್ಲ ಆಫೀಸಿನ ಲ್ಯಾಪ್‌ಟಾಪ್, ರಾತ್ರಿ ಡಿಮ್ಮರ್ ಬೋರ್ಡು. ಮಧ್ಯದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ‘ಬರ್ತೀರಾ?’ ಅಂತ ಕೇಳೋದು.

ಕೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ. ಕಳೆದ ಸಲದ ಕಥೆಯನ್ನೇ ಕೇಳಿ. ಪೋಸ್ಟರನ್ನು ಅಪಾರ್ಟ್‌ಮೆಂಟ್ ಗ್ರೂಪು, ಆಫೀಸ್ ಗ್ರೂಪು, ಕಾಲೇಜು ಗೆಳೆಯರ ಗ್ರೂಪು ಎಲ್ಲಕ್ಕೂ ಹಾಕಿದ್ದೆ. ಹೆಬ್ಬೆರಳು, ಚಪ್ಪಾಳೆ, ‘ಪಕ್ಕಾ ಬರ್ತೀವಿ ಗುರು’ ಎಲ್ಲ ಸೇರಿಸಿ ಎಣಿಸಿದರೆ 140 ಜನ. ಆ ಲೆಕ್ಕ ನಂಬಿ ಕುರ್ಚಿ ಸಾಲದೇ ಹೋದರೆ ಏನು ಮಾಡೋದು ಅಂತ ಚಿಂತೆ ಮಾಡಿದ್ದೆ. ಬಂದವರು 61. ಅದರಲ್ಲೂ ಹತ್ತು ಜನ ಗೇಟಿನಲ್ಲಿ ನಿಂತು ‘ಪಾಸ್ ಇದೆಯಾ?’ ಅಂತ ಕೇಳಿದವರು.

ಹಾಗಾಗಿ ಈ ಸಲ ಲೆಕ್ಕವನ್ನು ನಿಮ್ಮ ಮುಂದೆಯೇ ಬಿಚ್ಚಿಡ್ತೀನಿ. ರಂಗಮಂದಿರದ ಬಾಡಿಗೆ, ಬಾಡಿಗೆ ಲೈಟು, ಸೆಟ್ಟು, ಹಳೇ ಕಾಲದ ಕೋಟು ರುಮಾಲು, ಮೇಕಪ್ಪು, ಪೋಸ್ಟರು, ಆರು ವಾರದ ರಿಹರ್ಸಲ್‌ನ ಕಾಫಿ ತಿಂಡಿ ಎಲ್ಲ ಸೇರಿ ಎರಡು ಪ್ರದರ್ಶನಕ್ಕೆ ಆಗ್ತಿರೋ ಖರ್ಚು 60 ಸಾವಿರ. ನಟರಿಗೆ ಸಂಬಳ ಇಲ್ಲ, ನಿರ್ದೇಶಕರಿಗೂ ಇಲ್ಲ. ಮಾರುತ್ತಿರೋದು ದಿನಕ್ಕೆ 200ರಂತೆ ಎರಡು ದಿನಕ್ಕೆ 400 ಟಿಕೆಟ್. ಪೂರ್ತಿ ದರದ 300 ಟಿಕೆಟ್ ಹೋದರೆ ಖರ್ಚಿಗೂ ಗಳಿಕೆಗೂ ಸರಿಹೋಗುತ್ತೆ. 270 ಹೋದರೆ ಆರು ಸಾವಿರ ಕಡಿಮೆ ಬೀಳುತ್ತೆ. ನಾವು 12 ಜನ, ತಲಾ 500 ಹಾಕ್ತೀವಿ, ಯಾರಿಗೂ ಅದು ಹೊರೆ ಅಲ್ಲ. 150ಕ್ಕೆ ನಿಂತರೆ ಮಾತ್ರ ತಲಾ ಎರಡೂವರೆ ಸಾವಿರ ಬೀಳುತ್ತೆ. ಆಗ ಮುಂದಿನ ನಾಟಕದ ಮಾತು ಎತ್ತೋಕೆ ಯಾರಿಗೂ ಬಾಯಿ ಬರಲ್ಲ. ಹವ್ಯಾಸಿ ತಂಡಗಳು ಜಗಳ ಆಡಿಕೊಂಡು ಮುಚ್ಚೋದು ಕಡಿಮೆ. ಹೀಗೆ ಒಂದು ಸಲ ಸುಮ್ಮನಾಗಿ, ಹಾಗೇ ಸುಮ್ಮನಿದ್ದುಬಿಡೋದೇ ಹೆಚ್ಚು.

ಇಷ್ಟರಲ್ಲಿ ಒಂದು ಖರ್ಚು ನಮಗೆ ಉಳಿದಿದೆ, ಅದು ನಾಟಕದ ಹಕ್ಕಿನದ್ದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ಹೋದ ಮೇಲೆ 60 ವರ್ಷ ಕೃತಿಯ ಹಕ್ಕು ಮನೆಯವರಲ್ಲಿ ಉಳಿಯುತ್ತೆ. ಆ ಅವಧಿ 2006ರ ಕೊನೆಗೆ ಮುಗಿಯಿತು. ಈಗ ಬದುಕಿರೋ ಲೇಖಕರ ನಾಟಕವಾದರೆ ಮೊದಲು ಅನುಮತಿ ಪತ್ರ, ಗೌರವಧನ ಎಲ್ಲ ಆಗಬೇಕು, ಅದು ನ್ಯಾಯವೂ ಹೌದು.

ಆದರೆ ದುಡ್ಡು ಉಳಿಯುತ್ತೆ ಅಂತ ಈ ನಾಟಕ ಆರಿಸಲಿಲ್ಲ. ‘ಟೊಳ್ಳುಗಟ್ಟಿ’ ಹುಟ್ಟಿದ್ದು 1918ರ ಸುಮಾರಿಗೆ. ಆ ಕಾಲಕ್ಕೆ ನಾಟಕ ಅಂದರೆ ಕಂಪನಿ ನಾಟಕ: ರಾಜ, ರಾಣಿ, ಪುರಾಣ, ರಾತ್ರಿಯಿಡೀ ಹಾಡು. ಲಂಡನ್‌ನಲ್ಲಿ ಭೂವಿಜ್ಞಾನ ಓದಿ ಬಂದ ಕೈಲಾಸಂ ಅದೆಲ್ಲ ಬಿಟ್ಟು ಒಂದು ಮಧ್ಯಮ ವರ್ಗದ ಮನೆಯ ಹಜಾರವನ್ನು ರಂಗದ ಮೇಲೆ ತಂದು ಕೂರಿಸಿದರು. ಅಲ್ಲಿನ ಜನ ಮನೆಯಲ್ಲಿ ಮಾತಾಡೋ ಹಾಗೇ ಮಾತಾಡ್ತಾರೆ, ಕನ್ನಡದ ಮಧ್ಯೆ ಇಂಗ್ಲಿಷ್ ತುರುಕ್ತಾರೆ. ನಮ್ಮ ಆಫೀಸಿನ ಕ್ಯಾಂಟೀನಿನ ಭಾಷೆಗೆ ನೂರು ವರ್ಷದ ಇತಿಹಾಸ ಇದೆ ಅಂತ ನನಗೆ ಗೊತ್ತಾಗಿದ್ದು ಸ್ಕ್ರಿಪ್ಟ್ ಓದಿದಾಗಲೇ.

ಕಥೆ ಇಷ್ಟು. ಒಂದು ಮನೆ, ಇಬ್ಬರು ಗಂಡುಮಕ್ಕಳು, ಪುಟ್ಟು ಮತ್ತು ಮಾಧು. ಪುಟ್ಟು ಓದಿನಲ್ಲಿ ಮುಂದು. ಪರೀಕ್ಷೆ ಮೇಲೆ ಪರೀಕ್ಷೆ ಪಾಸು. ಅಪ್ಪನಿಗೆ ಅವನೇ ಚಿನ್ನ. ಮಾಧುಗೆ ಪುಸ್ತಕ ಹತ್ತಲ್ಲ, ಯಾರಿಗಾದರೂ ಕಷ್ಟ ಅಂದರೆ ಮಾತ್ರ ಮೊದಲು ಎದ್ದು ಓಡೋನು ಅವನು. ಅಪ್ಪನ ಲೆಕ್ಕದಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ. ಹೀಗಿರೋವಾಗ ಒಂದು ರಾತ್ರಿ ಮನೆಗೆ ಬೆಂಕಿ ಬೀಳುತ್ತೆ. ಹೊರಗೆ ಓಡೋ ಮುಂಚೆ ಯಾರ ಕೈ ಯಾವುದರ ಕಡೆ ಚಾಚುತ್ತೆ? ನಾಟಕದ ಹೆಸರು ಯಾಕೆ ‘ಟೊಳ್ಳುಗಟ್ಟಿ’ ಅನ್ನೋದಕ್ಕೆ ಉತ್ತರ ಅಲ್ಲಿದೆ. ಮುಂದಿನದ್ದನ್ನು ಇಲ್ಲಿ ಹೇಳಲ್ಲ.

ಬೆಂಕಿಯ ವಿಷಯ ಬಂತಲ್ಲ, ಅದು ನನ್ನ ತಲೆನೋವು. ರಂಗದ ಮೇಲೆ ನಿಜವಾದ ಬೆಂಕಿ ಹಚ್ಚೋ ಹಾಗಿಲ್ಲ: ಪರದೆ ಬಟ್ಟೆ, ಸೆಟ್ಟು ಮರ ಮತ್ತು ಪ್ಲೈವುಡ್. ಮೊದಲು ಹೊಗೆ ಯಂತ್ರ ತಂದೆವು. ಅದರ ಹೊಗೆ ನೇರವಾಗಿ ಮುಂದಿನ ಸಾಲಿಗೆ ಇಳಿದು, ನೋಡ್ತಾ ಕೂತ ನಮ್ಮ ಜನರೇ ಕೆಮ್ಮೋಕೆ ಶುರು ಮಾಡಿದರು. ನಟರ ಮುಖ ಮುಖ್ಯವಾದ ಹೊತ್ತಿಗೇ ಕಾಣದ ಹಾಗಾಯ್ತು. ಯಂತ್ರವನ್ನು ವಾಪಸ್ ಕಳಿಸಿದೆವು.

ಆಮೇಲೆ ಸೆಟ್ಟಿನ ಕಿಟಕಿಯ ಹಿಂದೆ, ನೆಲಮಟ್ಟದಲ್ಲಿ, ಎರಡು ಲೈಟ್ ಇಟ್ಟೆವು. ಒಂದಕ್ಕೆ ಕೇಸರಿ-ಹಳದಿ ಬಣ್ಣದ ಹಾಳೆ, ಇನ್ನೊಂದಕ್ಕೆ ಕೆಂಪು. ಬೆಂಕಿಯ ಬೆಳಕು ಕೆಳಗಿಂದ ಬರಬೇಕು, ಮೇಲಿಂದ ಬಂದರೆ ಸೂರ್ಯಾಸ್ತ ಅನ್ನಿಸುತ್ತೆ. ಎರಡನ್ನೂ ಡಿಮ್ಮರ್‌ನಲ್ಲಿ ಏರಿಸಿ ಇಳಿಸಿದೆ. ಮೊದಲ ದಿನ ಒಂದೇ ಲಯದಲ್ಲಿ ಮಾಡಿದ್ದೆ. ಕೊನೆ ಸಾಲಿನಲ್ಲಿ ಕೂತಿದ್ದ ನಿರ್ದೇಶಕರು ಕೂಗಿದರು, ‘ರೀ, ಇದು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು, ಬೆಂಕಿ ಅಲ್ಲ!’ ಸರಿ ಅಂತ ಮನೆಯಲ್ಲಿ ಗ್ಯಾಸ್ ಹೋಗಿದ್ದ ದಿನ ಹಳ್ಳಿಯಿಂದ ತಂದಿದ್ದ ಇದ್ದಿಲ ಒಲೆ ಹಚ್ಚಿ, ಅದರ ಮುಂದೆ ಕೂತು ಬೆರಳಲ್ಲಿ ತಾಳ ಹಾಕಿ ನೋಡಿದೆ. ತಾಳವೇ ಸಿಗಲಿಲ್ಲ. ಬೆಂಕಿ ಎರಡು ಸಲ ಬೇಗ ಏಳುತ್ತೆ, ಒಮ್ಮೆ ತಡೆಯುತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಜೋರಾಗುತ್ತೆ. ಈಗ ಕೈಯನ್ನು ಹಾಗೆ ಬೇತಾಳವಾಗಿ ಆಡಿಸ್ತೀನಿ. ಚಿಟಚಿಟ ಸದ್ದಿಗೆ ಮೈಕಿನ ಪಕ್ಕ ಒಬ್ಬರು ಬಿಸ್ಕತ್ ಪ್ಯಾಕೆಟ್‌ನ ಹಾಳೆಯನ್ನು ನಿಧಾನವಾಗಿ ಹಿಚುಕ್ತಾರೆ. ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ ಅಂದ್ರೆ, ನೋಡೋರ ಕಣ್ಣು ಕಿಟಕಿ ಮೇಲೆ ನಿಂತರೆ ಕೆಟ್ಟಿದೆ ಅಂತ ಅರ್ಥ. ಬೆಳಕು ಬಿದ್ದ ಮುಖದ ಮೇಲೆ ಕಣ್ಣು ನಿಂತರೆ ಸರಿ ಬಂದಿದೆ.

ಅದೇ ಕಾರಣಕ್ಕೆ ಒಂದು ನಿಯಮ ಇಟ್ಟಿದ್ದೀವಿ. ಮೂರನೇ ಬೆಲ್ ಆದ ಮೇಲೆ ಬಾಗಿಲು ತೆಗೆಯಲ್ಲ. 6.30ಕ್ಕೆ ಒಳಗೆ ಬಿಡ್ತೀವಿ. 6.50ಕ್ಕೆ ಮೊದಲ ಬೆಲ್, 6.55ಕ್ಕೆ ಎರಡನೇದು, 7ಕ್ಕೆ ಮೂರನೇದು. ಇಡೀ ನಾಟಕ ಒಂದೂಕಾಲು ಗಂಟೆ, ಇಂಟರ್‌ವಲ್ ಇಲ್ಲ, ಮಧ್ಯದಲ್ಲಿ ಒಳಗೆ ಬಿಡೋ ಜಾಗವೂ ಇಲ್ಲ. ಕತ್ತಲಲ್ಲಿ ಯಾರೋ ಮೊಬೈಲ್ ಟಾರ್ಚ್ ಹಾಕಿಕೊಂಡು ಸೀಟ್ ಹುಡುಕಿದರೆ, ನಾನು ಆರು ವಾರ ಕೂತು ಕಲಿತ ಬೆಂಕಿ ಆ ಒಂದು ಬಿಳಿ ಬೆಳಕಿಗೆ ಆರಿಹೋಗುತ್ತೆ. ವೀಕೆಂಡ್ ಟ್ರಾಫಿಕ್ ನಮಗೂ ಗೊತ್ತು. ಮೆಟ್ರೋದಲ್ಲಿ ಬರೋರು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಆಟೋ ಹಿಡೀಬಹುದು. ಕಾರಿಗಿಂತ ಅದೇ ವಾಸಿ.

ಇನ್ನೊಂದು ಕೋರಿಕೆ. ಮುಂದಿನ ಸಾಲು ಖಾಲಿ ಬಿಟ್ಟು ಹಿಂದೆ ಚದುರಿ ಕೂರಬೇಡಿ. ಕೈಲಾಸಂ ಅವರ ಮಾತಿಗೆ ನಗು ಬಂದೇ ಬರುತ್ತೆ, ಆದರೆ ಒಬ್ಬೊಬ್ಬರೇ ದೂರ ದೂರ ಕೂತರೆ ಜನ ನಗೋಕೆ ಹಿಂಜರೀತಾರೆ. ನಗು ತಡವಾಗಿ ಬಂದರೆ ನಟ ಮುಂದಿನ ಮಾತು ಶುರು ಮಾಡಿರ್ತಾನೆ, ಆ ಮಾತು ನಗುವಿನಲ್ಲಿ ಮುಳುಗುತ್ತೆ. 61 ಜನರ ಮುಂದೆ ಕಳೆದ ಸಲ ಆಗಿದ್ದು ಇದೇ.

ಕೊನೆಗೆ ಪಾಸಿನ ವಿಷಯ. ಈ ಸಲ ಯಾರಿಗೂ ಪಾಸ್ ಇಲ್ಲ, ನಮ್ಮ ಮನೆಯವರಿಗೂ ಇಲ್ಲ. ಪಾಸ್ ಇಟ್ಟುಕೊಂಡವರು ಮಳೆ ಬಂದರೆ ಬರಲ್ಲ, ಮ್ಯಾಚ್ ಇದ್ದರೆ ಬರಲ್ಲ. 200 ರೂಪಾಯಿ ಕೊಟ್ಟವರು ಛತ್ರಿ ಹಿಡ್ಕೊಂಡು ಬರ್ತಾರೆ. ಈ ನಿಯಮ ಹೇಳೋಕೆ ನನಗೆ ಮುಜುಗರ ಆಗಿದ್ದು ಒಬ್ಬರ ಹತ್ತಿರ ಮಾತ್ರ. ಮಾಧು ಪಾತ್ರ ಮಾಡ್ತಿರೋ ನಮ್ಮ ಹುಡುಗ ಇಂಜಿನಿಯರಿಂಗ್‌ನಲ್ಲಿ ಎರಡು ವರ್ಷ ಕಳೆದುಕೊಂಡವನು. ಆ ಎರಡು ವರ್ಷ ಅವನಿಗೂ ಅವನ ಅಪ್ಪನಿಗೂ ಮಾತೇ ಇರಲಿಲ್ಲ. ಈಗ ಕೆಲಸ ಇದೆ, ಮಾತೂ ಇದೆ, ಆದರೆ ಮಗನ ನಾಟಕ ಅವರು ಒಂದೂ ನೋಡಿಲ್ಲ. ಭಾನುವಾರ ಹಾಸನದಿಂದ ಬರ್ತೀನಿ ಅಂದಿದ್ದಾರೆ. ಅವನು ಸಂಕೋಚದಿಂದಲೇ, ‘ಅಪ್ಪಾ, ಪಾಸ್ ಕೊಡಲ್ವಂತೆ, ಟಿಕೆಟ್ ನಾನೇ ತೆಗೆದಿಡ್ತೀನಿ’ ಅಂದಿದ್ದಾನೆ. ‘ಬೇಡ ಕಣೋ, ನಂದು ನಾನೇ ತಗೋತೀನಿ. ಮುಂದಿನ ಸಾಲು ಇದೆಯಾ ಕೇಳು’ ಅಂದರಂತೆ.

ಇದೆ ಅಂತ ಹೇಳಿ ಕಳಿಸಿದ್ದೀನಿ. ಮೊದಲ ಸಾಲಿನ ಮಧ್ಯದ ಕುರ್ಚಿ. ದುಡ್ಡು ಅದೇ ದಿನ ಬಂತು.

ಉಳಿದ ಕುರ್ಚಿಗಳು ನಿಮ್ಮವು. ಆನ್‌ಲೈನ್ ಟಿಕೆಟ್ ಆ್ಯಪ್‌ನಲ್ಲಿ ‘ಟೊಳ್ಳುಗಟ್ಟಿ’ ಅಂತ ಹುಡುಕಿ. ಮಿಕ್ಕಿದ್ದರೆ ಸಂಜೆ 6ರಿಂದ ಬಾಗಿಲಲ್ಲೇ ಸಿಗುತ್ತೆ, ಯುಪಿಐ ನಡೆಯುತ್ತೆ. ವಿದ್ಯಾರ್ಥಿಗಳು ಕಾಲೇಜಿನ ಐಡಿ ಕಾರ್ಡ್ ಮರೀಬೇಡಿ. ಗ್ರೂಪಿನಲ್ಲಿ ಹೆಬ್ಬೆರಳು ಹಾಕಿರೋ 180 ಜನಕ್ಕೆ ವಿಶೇಷ ಸೂಚನೆ: ಈ ಸಲ ಹೆಬ್ಬೆರಳು ಎಣಿಸ್ತಿಲ್ಲ. ಶನಿವಾರ 7 ಗಂಟೆಗೆ ಮೂರನೇ ಬೆಲ್ ಒತ್ತೋದು ನಾನೇ.